ಮೂರನೇ ಪೇಡಾಕ್ಕೆ ಮಕ್ಕಳು ಬರೆದ ಬೆಲೆ

ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಕ್ಲಾಸಿನಲ್ಲಿ ನಿಜವಾದ ಪೇಡಾ, ನಿಜವಾದ ದುಡ್ಡು ಇಟ್ಟು ತೋರಿಸಬಹುದು. ನಾನು ತೋರಿಸಿದ್ದೇನೆ. ಸ್ಟಾಫ್ ರೂಮಿನಲ್ಲಿ ಬಹಳ ಜನ ಇದು ಆಗೋದಲ್ಲ, ಹುಡುಗರು ಪಾರ್ಟಿ ಮಾಡ್ಕೊಂಡು ಹೋಗ್ತಾರೆ ಅಂದಿದ್ದರು. ಈಗ ಅವರಲ್ಲೇ ಇಬ್ಬರು ಚೀಟಿ ಡಬ್ಬಿ ಎರವಲು ಒಯ್ಯುತ್ತಾರೆ. ಪಿಯುಸಿಗೆ ಅರ್ಥಶಾಸ್ತ್ರ ಹೇಳುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಕೋಷ್ಟಕ, ರೇಖಾಚಿತ್ರ ನಿಮಗೆಲ್ಲ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಮೊದಲು ಎಲ್ಲರಂತೆ ನಾನೂ ಅಂಕ ಕೇಳುತ್ತಿದ್ದೆ. ಒಂದು ಪೇಡಾ ತಿನ್ನಿಸಿ, ಹತ್ತಕ್ಕೆ ಎಷ್ಟು ಕೊಡ್ತೀರಿ ಅಂತ. ಬರುವ ಉತ್ತರ 10, 8, 6, 4. ನಾಲಿಗೆ ಹೇಳಿದ ಅಂಕ ಅಲ್ಲ ಅದು, ಪುಸ್ತಕದ ಕೋಷ್ಟಕ. ಆಮೇಲೆ ಎಷ್ಟು ರೂಪಾಯಿ ಕೊಡ್ತೀರಿ ಅಂತ ಕೇಳಿದೆ. ಕೈಯಿಂದ ಹೋಗದ ದುಡ್ಡಿಗೆ ಲೆಕ್ಕ ಎಲ್ಲಿದೆ? ಒಬ್ಬ ಐವತ್ತು ಅಂದರೆ ಪಕ್ಕದವನೂ ಐವತ್ತು. ದುಡ್ಡು ಕೈಗೆ ಕೊಟ್ಟು ನೇರವಾಗಿ ಮಾರಲು ಹೋದಾಗ ಇನ್ನೊಂದು ತಾಪತ್ರಯ. ಬರೆದಷ್ಟೇ ಕೊಡಬೇಕು ಅಂತಾದರೆ ಎಲ್ಲರೂ ಚೌಕಾಸಿಗೆ ಇಳಿದು ಕಡಿಮೆ ಬರೆಯುತ್ತಾರೆ.

ದಾರಿ ಸಿಕ್ಕಿದ್ದು ಬೆಕರ್, ಡಿಗ್ರೂಟ್, ಮಾರ್ಷಾಕ್ ಮೂವರು 1964ರಲ್ಲಿ ಬರೆದ ವಿಧಾನದಲ್ಲಿ. ಹುಡುಗ ತನ್ನ ಬೆಲೆಯನ್ನು ಯಾರಿಗೂ ತೋರಿಸದೆ ಬರೆಯುತ್ತಾನೆ. ಆಮೇಲೆ ಡಬ್ಬಿಯಿಂದ ಒಂದು ಚೀಟಿ ಎತ್ತುತ್ತಾನೆ. ಚೀಟಿಯ ಬೆಲೆ ಅವನು ಬರೆದಷ್ಟೇ ಇದ್ದರೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೇಡಾ ಅವನದು. ಆದರೆ ಕೊಡಬೇಕಾದದ್ದು ಚೀಟಿಯ ಬೆಲೆ, ಬರೆದ ಬೆಲೆ ಅಲ್ಲ. ಚೀಟಿ ಜಾಸ್ತಿ ಬಂದರೆ ಪೇಡಾ ಇಲ್ಲ. ಕಡಿಮೆ ಬರೆದರೆ ಅಗ್ಗದಲ್ಲಿ ಸಿಗುವುದು ತಪ್ಪಿಹೋಗಬಹುದು. ಜಾಸ್ತಿ ಬರೆದರೆ ಬೇಡದ ಬೆಲೆಗೆ ತಗೋಬೇಕಾಗಬಹುದು. ಹಾಗಾಗಿ ಮನಸ್ಸಿನಲ್ಲಿದ್ದದ್ದನ್ನೇ ಬರೆಯುವುದು ಲಾಭ. ಇದನ್ನು ಬಾಯಿಮಾತಲ್ಲಿ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ. ಮೊದಲು ಒಂದು ಪೆನ್ನಿಟ್ಟು ಒಂದೆರಡು ಸುತ್ತು ಆಡಿಸಿ, ಆಗ ಹತ್ತುತ್ತದೆ.

ಹತ್ತು ಮಕ್ಕಳನ್ನು ಮುಂದೆ ಕೂರಿಸುತ್ತೇನೆ. ಸಕ್ಕರೆ ಕಾಯಿಲೆ ಇರುವವರು, ಉಪವಾಸ ಇರುವವರು ಬೇಡ. ತಲಾ 30 ರೂಪಾಯಿ ಚಿಲ್ಲರೆ ಕೊಡುತ್ತೇನೆ, ಉಳಿದದ್ದು ಅವರಿಗೇ. ಚೀಟಿಗಳ ಮೇಲೆ 1ರಿಂದ 10ರವರೆಗೆ ಬೆಲೆ. ಯಾವ ಬೆಲೆಯ ಚೀಟಿ ಎಷ್ಟು ಹಾಕಬೇಕು ಅನ್ನುವುದು ನನ್ನ ಗುಟ್ಟು. ಅದನ್ನು ಡಬ್ಬಿ ಒಯ್ಯುವವರಿಗೆ ಮಾತ್ರ ಹೇಳುತ್ತೇನೆ. ಪೇಡಾ ಧಾರವಾಡದ್ದು, ಒಂದೊಂದು ಸುಮಾರು 20 ಗ್ರಾಂ. ಲಾಡು ಇಟ್ಟು ನೋಡಿದ್ದೆ. ದೊಡ್ಡ ಲಾಡು ಒಂದಕ್ಕೇ ಸಾಕಾಗಿ, ಎರಡನೆಯದಕ್ಕೆ ಎಲ್ಲರೂ ಸೊನ್ನೆ ಬರೆದರು. ಇಳಿಯುವ ಗೆರೆ ಕಾಣಬೇಕಲ್ವಾ, ನೇರ ಬಿದ್ದರೆ ಏನು ಪ್ರಯೋಜನ? ಬಹಳ ಸಣ್ಣ ತುಂಡೂ ಆಗದು. ಪೇಡಾವನ್ನು ನಾಲ್ಕು ಮಾಡಿ ಕೊಟ್ಟಾಗ ಎರಡನೇ ತುಂಡಿನ ಬೆಲೆಯೇ ಏರಿತ್ತು, ಬಾಯಿಗೆ ರುಚಿ ಹತ್ತಿದ್ದಷ್ಟೇ.

ನನ್ನನ್ನು ಬಹಳ ಕಾಡಿದ್ದು ಇಳಿಯದ ಬೆಲೆಗಳು. ಕೆಲವು ಮಕ್ಕಳು ನಾಲ್ಕನೇ ಸುತ್ತಿಗೂ ಏಳೋ ಎಂಟೋ ಬರೆಯುತ್ತಿದ್ದರು. ನಿಯಮವೇ ಸುಳ್ಳಾಯ್ತು ನೋಡಿ ಅಂತ ಸ್ಟಾಫ್ ರೂಮಿನಲ್ಲಿ ಆಡಿಕೊಂಡರು. ಇದಕ್ಕೆ ಎರಡು ಕಾರಣ ಇದ್ದವು. ಒಂದು, ಪೇಡಾ ಕಿಸೆಗೆ ಹೋಗುತ್ತಿತ್ತು. "ಸರ್, ಇದನ್ನ ನನ್ನ ತಂಗಿಗೆ ಒಯ್ಯಲಾ?" ಅಂತ ಒಬ್ಬ ಕೇಳಿದಾಗ ತಿಳಿಯಿತು. ಅವನಿಗೆ ಅದು ನಾಲ್ಕನೇ ಪೇಡಾ, ಮನೆಯಲ್ಲಿರುವ ತಂಗಿಗೆ ಮೊದಲನೆಯದು. ಬೆಲೆ ಏಕೆ ಇಳಿಯಬೇಕು? ಅಲ್ಲೇ ತಿನ್ನಬೇಕು ಅಂತ ಕಟ್ಟುನಿಟ್ಟು ಮಾಡಿದೆ.

ಎರಡನೆಯದು ನನ್ನ ಕೋಷ್ಟಕದ ಒಳಗೇ ಇತ್ತು. ಚೀಟಿ ಜಾಸ್ತಿ ಬಂದು ಪೇಡಾ ಸಿಗದವರು ಏನೂ ತಿಂದಿರುವುದಿಲ್ಲ. ಅವರ ಮೂರನೇ ಸುತ್ತಿನ ಬೆಲೆ ಎರಡನೇ ಪೇಡಾದ್ದೋ, ಮೊದಲ ಪೇಡಾದ್ದೋ ಆಗಿರುತ್ತದೆ. ಅದನ್ನು ಮೂರನೇ ಕಾಲಮ್ಮಿನಲ್ಲಿ ಬರೆದರೆ ಸರಾಸರಿ ಮಟ್ಟಸವಾಗದೆ ಇನ್ನೇನಾಗುತ್ತದೆ? ಈಗ ಸುತ್ತಿನ ಲೆಕ್ಕ ಇಡುವುದಿಲ್ಲ, ಹೊಟ್ಟೆಗೆ ಹೋದ ಪೇಡಾದ ಲೆಕ್ಕ ಇಡುತ್ತೇನೆ. ಇಷ್ಟು ಬದಲಾಯಿಸಿದ ಮೇಲೆ ಗೆರೆ ತಾನಾಗಿ ಇಳಿಯಿತು.

ಒಬ್ಬ ಹುಡುಗಿಯ ಹಾಳೆ ಹೇಳುತ್ತೇನೆ. ಮೊದಲ ಸುತ್ತಿಗೆ 9 ಬರೆದಳು, ಚೀಟಿ 4 ಬಂತು, ನಾಲ್ಕು ಕೊಟ್ಟು ತಿಂದಳು. ಎರಡನೆಯದಕ್ಕೆ 7 ಬರೆದಳು, ಚೀಟಿ 6, ತಿಂದಳು. ಮೂರನೆಯದಕ್ಕೆ 3 ಬರೆದಳು, ಚೀಟಿ 5, ಸಿಗಲಿಲ್ಲ. ಮುಂದಿನ ಸುತ್ತಿನಲ್ಲಿ 2 ಬರೆದಳು. ಇದೂ ಮೂರನೇ ಪೇಡಾದ ಬೆಲೆಯೇ. ಚೀಟಿ 1 ಬಂತು, ತಿಂದಳು. ಆಮೇಲೆ ಸೊನ್ನೆ ಹಾಕಿ ನೀರು ಕೇಳಿದಳು. ತಿಂದ ಮೂರಕ್ಕೆ ಅವಳು 9, 7, 2, ಅಂದರೆ 18 ರೂಪಾಯಿ ಕೊಡಲು ತಯಾರಿದ್ದಳು. ಕೊಟ್ಟದ್ದು 11. ಒಟ್ಟು ತುಷ್ಟಿ ಏರುತ್ತಲೇ ಇದ್ದು, ಸೀಮಾಂತ ತುಷ್ಟಿ ಮಾತ್ರ ಇಳಿಯುವುದು ಹೇಗೆ ಅನ್ನುವುದಕ್ಕೆ ಆ ಹಾಳೆಯನ್ನೇ ಬೋರ್ಡಿಗೆ ಏರಿಸಿದೆ. ಉಳಿದವರದ್ದೂ ಹೆಚ್ಚುಕಡಿಮೆ ಹೀಗೇ: ಮೊದಲನೆಯದಕ್ಕೆ ಎಂಟರ ಹತ್ತಿರ, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಎರಡೂವರೆ ಮೂರು. ಒಂದರಿಂದ ಎರಡಕ್ಕೆ ಆಗುವ ಇಳಿತಕ್ಕಿಂತ ಎರಡರಿಂದ ಮೂರಕ್ಕೆ ಆಗುವ ಇಳಿತ ಜಾಸ್ತಿ. ಪ್ರತಿ ಬ್ಯಾಚಿನಲ್ಲೂ ಇದನ್ನೇ ಕಂಡಿದ್ದೇನೆ.

ಹೊಟ್ಟೆ ತುಂಬಿತು, ಅದಕ್ಕೇ ಬೆಲೆ ಇಳಿಯಿತು ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅದಕ್ಕಾಗಿ ಮೂರು ಪೇಡಾ ಆದವರ ಮುಂದೆ ಒಂದು ಹಿಡಿ ಚುರುಮುರಿ ಇಟ್ಟೆ. ಪೇಡಾಕ್ಕೆ ಸೊನ್ನೆ ಹಾಕಿದವರೇ ಅದಕ್ಕೆ ಆರು, ಏಳು ಬರೆದರು. ಹೊಟ್ಟೆಯಲ್ಲಿ ಜಾಗ ಇತ್ತು, ಬೇಜಾರಾಗಿದ್ದು ಆ ಸಿಹಿ. ಚುರುಮುರಿ ತಿಂದ ಮೇಲೆ ಮತ್ತೆ ಪೇಡಾಕ್ಕೆ ಬೆಲೆ ಕೇಳಿದರೆ ಎರಡೋ ಮೂರೋ ಬಂತು. ಊಟದ ಬಿಡುವು ಕಳೆದು ಎರಡು ಪೀರಿಯಡ್ ಆದ ಮೇಲೆ ಕೇಳಿದರೆ ಐದಾರಕ್ಕೆ ಏರಿತ್ತು. ನಡುವೆ ಬಿಡುವಿರಬಾರದು ಅನ್ನುವ ಷರತ್ತನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಮೈಸೂರ್ ಪಾಕ್ ಇಟ್ಟೂ ನೋಡಿದ್ದೇನೆ. ಪೇಡಾದಷ್ಟು ಕೆಳಗೆ ಹೋಗಲಿಲ್ಲ, ಚುರುಮುರಿಯಷ್ಟು ಮೇಲೂ ಬರಲಿಲ್ಲ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಪೇಡಾ ಒಂದೂವರೆ ಕೆಜಿ ಬೇಕು, ಏಕೆಂದರೆ ಸುಮ್ನೆ ನೋಡುತ್ತಾ ಕೂತ ಮಕ್ಕಳಿಗೂ ಕೊನೆಗೆ ಅರ್ಧರ್ಧ ಕೊಡದಿದ್ದರೆ ಕ್ಲಾಸು ಕೈಗೆ ಸಿಗದು. ಅದು ಏಳುನೂರು ಚಿಲ್ಲರೆ. ಮಕ್ಕಳಿಗೆ ಹಂಚುವುದು 300, ಅದರಲ್ಲಿ ವಾಪಸ್ ಬರುವುದು ತೊಂಬತ್ತೋ ನೂರೋ. ಒಟ್ಟು ಸಾವಿರದ ಒಳಗೆ ಮುಗಿಯುತ್ತದೆ. ಕೈಯಿಂದಲೇ ಹಾಕುತ್ತಿದ್ದೇನೆ.

ಇಷ್ಟಾದರೂ ಒಂದು ಗಡಿ ಇದೆ. ಒಬ್ಬ 10 ಬರೆದ, ಇನ್ನೊಬ್ಬ 5 ಬರೆದ ಅಂದರೆ ಮೊದಲನೆಯವನಿಗೆ ಎರಡು ಪಟ್ಟು ಖುಷಿ ಅಂತ ಹೇಳಲಾಗದು. ಮನೆಯಿಂದ ದಿನಾ ಐವತ್ತು ತರುವವನಿಗೂ, ಬಸ್ ಪಾಸ್ ಬಿಟ್ಟು ಏನೂ ಇಲ್ಲದವನಿಗೂ ರೂಪಾಯಿ ಒಂದೇ ತೂಕದ್ದಲ್ಲ. ಎಲ್ಲರಿಗೂ 30 ಕೊಟ್ಟರೂ ಅದು ಸರಿಹೋಗುವುದಿಲ್ಲ. ಅದಕ್ಕೇ ನಾನು ಒಬ್ಬರ ಹಾಳೆಯನ್ನು ಇನ್ನೊಬ್ಬರದ್ದರ ಪಕ್ಕ ಇಟ್ಟು ತೂಗುವುದಿಲ್ಲ. ಒಂದೇ ಹಾಳೆಯಲ್ಲಿ ಮೇಲಿಂದ ಕೆಳಕ್ಕೆ ಓದಿಸುತ್ತೇನೆ.