‘ಟ್ರೆಡಿಷನಲ್ಲಾಗಿರಲಿ’ ಅಂದರೆ ತೋಳು ಎಲ್ಲಿಗೆ ನಿಲ್ಲಬೇಕು?

ಶಾಲೆಯ ಕೋಲಾಟಕ್ಕೆ ಎಂಟು ಹುಡುಗಿಯರ ಲಂಗ–ರವಿಕೆ. ನಾಲ್ಕು ಜೊತೆ ತುಮಕೂರಿನಲ್ಲಿ, ನಾಲ್ಕು ಕ್ಯಾತ್ಸಂದ್ರದಲ್ಲಿ ಹೊಲಿಗೆಗೆ ಹೋಗುತ್ತವೆ. ‘ಟ್ರೆಡಿಷನಲ್ಲಾಗಿರಲಿ, ಲಕ್ಷಣವಾಗಿ ಕಾಣಲಿ’ ಅಂತಷ್ಟೇ ಹೇಳಿದರೆ ಒಂದು ಕಡೆಯಿಂದ ಬುಗ್ಗೆ ತೋಳು ಬರುತ್ತದೆ, ಇನ್ನೊಂದು ಕಡೆಯಿಂದ ಮೊಣಕೈವರೆಗಿನ ಸಾದಾ ತೋಳು. ಎರಡೂ ಸಾಂಪ್ರದಾಯಿಕವೇ, ಜಗಳ ಆಡುವ ಹಾಗೂ ಇಲ್ಲ. ತೋಳಿನ ಬಗ್ಗೆ ನಾವು ಏನೂ ಹೇಳಿಲ್ಲವಲ್ಲ, ಅದನ್ನು ಹೊಲಿಯುವವರು ತಮ್ಮ ರೂಢಿಯಂತೆ ತುಂಬಿಕೊಂಡರು.

ಅದಕ್ಕೇ ನಾನು ಚೀಟಿಯಲ್ಲಿ ‘ಚೆನ್ನಾಗಿ’ ಅಂತ ಬರೆಯುವುದಿಲ್ಲ. ತೋಳು, ಕತ್ತು, ಅಂಚು, ನೆರಿಗೆ, ಸೊಂಟದ ಪಟ್ಟಿ: ಒಂದೊಂದಕ್ಕೂ ಒಂದು ಸಾಲು.

ತೋಳಿಗೆ ‘ಇಷ್ಟು ಇಂಚು’ ಅಂತ ಬರೆದರೂ ಕೆಡುತ್ತದೆ. ಅದೇ ಉದ್ದ ಐದನೇ ತರಗತಿಯವಳ ಮೊಣಕೈ ಹತ್ತಿರ ನಿಂತರೆ ಒಂಬತ್ತನೆಯವಳಿಗೆ ಅದಕ್ಕಿಂತ ತುಂಬಾ ಮೇಲೇ ಉಳಿಯುತ್ತದೆ. ಸಾಲಾಗಿ ನಿಂತಾಗ ಎದ್ದು ಕಾಣುವುದು ಇದೇ. ‘ಸಾದಾ ತೋಳು, ಮೊಣಕೈಯಿಂದ ಎರಡು ಬೆರಳು ಮೇಲೆ’ ಅಂದರೆ ಎಲ್ಲರದೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಲಂಗಕ್ಕೂ ಹಾಗೆಯೇ, ‘ಕಾಲಿನ ಗಂಟು ಕಾಣುವಷ್ಟು ಮೇಲೆ’. ಕೋಲಾಟದಲ್ಲಿ ಕುಣಿಯುವಾಗ ಅಂಚು ತುಳಿದು ಬೀಳಬಾರದು.

ನೆರಿಗೆಯ ಮಾತು ಬಟ್ಟೆ ಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ಒಂದೇ ಕಡೆ ಮಡಿಸಿದ ಒಂದು ಇಂಚಿನ ನೆರಿಗೆಗೆ ಮೂರು ಇಂಚು ಬಟ್ಟೆ ಬೇಕು. 24 ಇಂಚು ಸೊಂಟಕ್ಕೆ 24 ನೆರಿಗೆ, ಅಂದರೆ 72 ಇಂಚು, ಜೋಡಿಸುವ ಹೊಲಿಗೆಗೆ ಇನ್ನೆರಡು. ಸುಮಾರು ಎರಡು ಮೀಟರ್. ‘ತುಂಬಾ ನೆರಿಗೆ’ ಅಂತ ಮಾತ್ರ ಹೇಳಿದರೆ ಒಬ್ಬರು ಒಂದೂವರೆ ಮೀಟರಿಗೆ ದಾರ ಎಳೆದು ಸುರುಕು ಹಾಕಿ ಮುಗಿಸುತ್ತಾರೆ. ಆ ಲಂಗ ಸೊಂಟದಲ್ಲಿ ಉಬ್ಬಿ, ಕೆಳಗೆ ಸಪ್ಪಗೆ ಬೀಳುತ್ತದೆ.

ಇನ್ನು ಅಂಚು. ಬಟ್ಟೆಯ ಒಂದೇ ಬದಿಗೆ ಅಂಚಿದ್ದರೆ ಎರಡು ಮೀಟರಿನ ಅಂಚೆಲ್ಲ ಲಂಗದ ಕೆಳಗೇ ಹೋಗುತ್ತದೆ. ತೋಳಿಗೂ ಬೇಕೆಂದರೆ, ತೋಳಿನ ಸುತ್ತಳತೆ 9 ಇಂಚು, ಹೊಲಿಗೆಗೆ ಎರಡು ಸೇರಿ 11, ಎರಡು ತೋಳಿಗೆ 22 ಇಂಚು ಅಂಚು ಬೇರೆಯೇ ಬೇಕು. ನಾನು ಮುಕ್ಕಾಲು ಮೀಟರ್ ಹೆಚ್ಚು ತರಿಸುತ್ತೇನೆ. 44 ಇಂಚು ಪನ್ನದ ಬಟ್ಟೆಯಾದರೆ ಈ ಅಳತೆಯ ಹುಡುಗಿಯ ರವಿಕೆಯ ಮೈಯೂ ಅದರಲ್ಲೇ ಆಗುತ್ತದೆ. ಚೀಟಿಯಲ್ಲಿ ‘ಅಂಚು ತೋಳಿನ ತುದಿಗೆ ಮತ್ತು ಲಂಗದ ಕೆಳಗೆ, ಕತ್ತಿಗೆ ಬೇಡ’ ಅಂತ ಬರೆಯುತ್ತೇನೆ. ‘ಬೇಡ’ ಅನ್ನುವುದನ್ನು ಬಿಟ್ಟರೆ, ಉಳಿದ ತುಂಡನ್ನು ಯಾರೋ ಒಬ್ಬರು ಚೆಂದ ಕಾಣಲಿ ಅಂತ ಬೆನ್ನಿಗೆ ಅಂಟಿಸಿಯೇ ಇರುತ್ತಾರೆ.

ಕತ್ತಿಗೆ: ಮುಂದೆ ದುಂಡು, ಬೆನ್ನಿಗೆ ಚೌಕ, ಎರಡಕ್ಕೂ ಒಂದೇ ಬಣ್ಣದ ಪೈಪಿಂಗ್, ಹುಕ್ ಹಿಂದೆ. ಹುಕ್ಕಿನ ಜಾಗ ಬರೆಯದಿದ್ದರೆ ಚೌಕ ಕತ್ತಿನ ನಡುವೆ ಸೀಳು ಬರುತ್ತದೋ ಇಲ್ಲವೋ ಎನ್ನುವುದೂ ಅವರವರ ಇಷ್ಟ.

ಮೊದಲು ಒಂದು ಜೊತೆ ಹೊಲಿಸಿ, ಹುಡುಗಿಗೆ ತೊಡಿಸಿ, ಕೈಯೆತ್ತಿ ಕೋಲು ಹೊಡೆಯಲು ಹೇಳುತ್ತೇನೆ. ಕಂಕುಳಲ್ಲಿ ಎಳೆದರೆ ಉಳಿದ ಏಳರ ಕಂಕುಳನ್ನು ಅರ್ಧ ಇಂಚು ಸಡಿಲ ಮಾಡಿ ಕತ್ತರಿಸಲು ಚೀಟಿಯಲ್ಲೇ ತಿದ್ದಿ, ಎರಡೂ ಕಡೆಗೆ ಅದೇ ಚೀಟಿಯ ಪ್ರತಿ ಕಳಿಸುತ್ತೇನೆ.