ಗುರುಬಲದ ಲೆಕ್ಕ: ವೃಶ್ಚಿಕ ರಾಶಿಯ ಒಂದು ಜಾತಕ

ಜಾತಕ ನೋಡಲು ಆರಂಭಿಸಿದ ವರ್ಷಗಳಲ್ಲಿ ನಾನು ಯುಗಾದಿಯಿಂದ ಯುಗಾದಿಗೆ ಒಂದೇ ಮಾತಿನಲ್ಲಿ ಗುರುಫಲ ಹೇಳಿಬಿಡುತ್ತಿದ್ದೆ. ಜನ್ಮಚಂದ್ರನಿರುವ ರಾಶಿಯಿಂದ ಎಣಿಸಿದಾಗ ಗುರು ಎರಡು, ಐದು, ಏಳು, ಒಂಬತ್ತು, ಹನ್ನೊಂದನೆಯ ಮನೆಗಳಲ್ಲಿದ್ದರೆ ಗುರುಬಲ ಉಂಟು, ಉಳಿದ ಮನೆಗಳಲ್ಲಿ ಇಲ್ಲ ಎಂಬ ಸೂತ್ರ ಎಲ್ಲರಿಗೂ ಗೊತ್ತಿರುವುದೇ. ಗುರು ಒಂದು ರಾಶಿಯಲ್ಲಿ ಸರಾಸರಿ ಒಂದು ವರ್ಷ ಇರುತ್ತಾನೆ ಎಂಬುದೂ ನಿಜ. ಆದರೆ ಆ ಸರಾಸರಿಯನ್ನೇ ನಂಬಿ 2021ರಲ್ಲಿ ನಾನು ತಪ್ಪಿದೆ. ಆ ಏಪ್ರಿಲ್‌ನಲ್ಲಿ ಗುರು ಕುಂಭಕ್ಕೆ ಬಂದಾಗ ತುಲಾ ರಾಶಿಯ ವಧುವಿನ ಮನೆಯವರಿಗೆ, ಪಂಚಮ ಗುರು, ವರ್ಷವಿಡೀ ಗುರುಬಲವಿದೆ ಎಂದು ಹೇಳಿದ್ದೆ. ಅವರು ಅಕ್ಟೋಬರ್‌ಗೆ ಛತ್ರ ಗೊತ್ತು ಮಾಡಿದರು. ಗುರು ವಕ್ರಗತಿಯಲ್ಲಿ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ 20ರವರೆಗೆ ಮಕರಕ್ಕೆ, ಎಂದರೆ ನಾಲ್ಕನೆಯ ಮನೆಗೆ, ಹಿಂತಿರುಗಿದ್ದುದನ್ನು ವರನ ಕಡೆಯ ಪುರೋಹಿತರು ತೋರಿಸಿಕೊಟ್ಟಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಗುರುವಿನ ರಾಶಿ ಪ್ರವೇಶದ ದಿನಾಂಕಗಳನ್ನು ಮೊದಲು ಬರೆದುಕೊಳ್ಳದೆ ಯಾರಿಗೂ ವರ್ಷಫಲ ಹೇಳಿಲ್ಲ.

ಈ ಕ್ರಮದ ಅಗತ್ಯ ಅತ್ಯಂತ ಸ್ಪಷ್ಟವಾಗಿ ಕಂಡದ್ದು 2025ರ ಯುಗಾದಿಯ ನಂತರ ಬಂದ ಒಂದು ಜಾತಕದಲ್ಲಿ. ಅನೂರಾಧಾ ನಕ್ಷತ್ರ, ವೃಶ್ಚಿಕ ರಾಶಿ, ಧನುರ್ಲಗ್ನದ ಹುಡುಗಿ. ಅವಳ ತಂದೆ ಯುಗಾದಿಯ ದಿನ ಪಂಚಾಂಗ ಶ್ರವಣ ಕೇಳಿ, ತಮ್ಮ ರಾಶಿಗೆ ಬಂದ ಆಯ-ವ್ಯಯವನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು. "ಜೋಯಿಸರೇ, ಮಗಳಿಗೆ ಈ ವರ್ಷ ಅಷ್ಟಮ ಗುರುವಂತೆ. ಮದುವೆಯ ಮಾತನ್ನೇ ಎತ್ತಬಾರದೇ?" ಎಂದು ಕೇಳಿದರು. ಆಯ-ವ್ಯಯದ ಲೆಕ್ಕ ವರ್ಷದ ರಾಜನನ್ನು ಹಿಡಿದು ಬರುವಂಥದ್ದು, ಗುರುಗೋಚಾರದ ಲೆಕ್ಕ ಬೇರೆ ಎಂದು ಮೊದಲು ತಿಳಿಸಿ ಚೀಟಿಯನ್ನು ಪಕ್ಕಕ್ಕಿಡಿಸಿದೆ.

ನಂತರ ದೃಕ್ ಗಣಿತದ ಪಂಚಾಂಗದಿಂದ ದಿನಾಂಕಗಳನ್ನು ಬರೆದೆ. ಗುರು 2025ರ ಮೇ 14ರಂದು ಮಿಥುನಕ್ಕೆ ಬರುತ್ತಾನೆ. ವೃಶ್ಚಿಕದಿಂದ ಎಣಿಸಿದರೆ ಅದು ಎಂಟು. ಅತಿಚಾರದಿಂದ, ಎಂದರೆ ವಾಡಿಕೆಗಿಂತ ವೇಗವಾಗಿ ಸಾಗಿ, ಅಕ್ಟೋಬರ್ 18ಕ್ಕೇ ಕಟಕವನ್ನು ಮುಟ್ಟುತ್ತಾನೆ. ಅದು ಒಂಬತ್ತು, ಜೊತೆಗೆ ಅವನ ಉಚ್ಚರಾಶಿ. ವಕ್ರನಾಗಿ ಡಿಸೆಂಬರ್ 5ಕ್ಕೆ ಮಿಥುನಕ್ಕೆ ಮರಳುತ್ತಾನೆ. ಮತ್ತೆ 2026ರ ಜೂನ್ 2ರಂದು ಕಟಕಕ್ಕೆ ಬಂದವನು ಅಕ್ಟೋಬರ್ 31ರವರೆಗೆ ಅಲ್ಲಿರುತ್ತಾನೆ. ಹೀಗೆ "ಅಷ್ಟಮ ಗುರುವಿನ ವರ್ಷ" ಎಂಬ ಒಂದೇ ಹೆಸರಿನೊಳಗೆ 48 ದಿನಗಳ ಭಾಗ್ಯಸ್ಥಾನದ ಗುರುವೂ ಸೇರಿದ್ದ. ಅತಿಚಾರದಲ್ಲಿ ಗುರು ಹಿಂದಿನ ರಾಶಿಯ ಫಲವನ್ನೇ ಕೊಡುತ್ತಾನೆ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ಗೌರವಿಸಿ, ಆ 48 ದಿನಗಳನ್ನು ಸಂಬಂಧ ಕುದುರಿಸಲು ಮತ್ತು ನಿಶ್ಚಿತಾರ್ಥಕ್ಕೆ ಮಾತ್ರ ಇಟ್ಟುಕೊಂಡೆ. ಮುಹೂರ್ತವನ್ನು ಅದರ ಮೇಲೆ ನಿಲ್ಲಿಸಲಿಲ್ಲ.

ಎರಡನೆಯ ಹೆಜ್ಜೆ ಅಷ್ಟಕವರ್ಗ, ಎಂದರೆ ಏಳು ಗ್ರಹಗಳೂ ಲಗ್ನವೂ ಒಂದೊಂದು ರಾಶಿಗೆ ಕೊಡುವ ಬಿಂದುಗಳ ಲೆಕ್ಕ. ಚಂದ್ರನಿಂದ ಎಣಿಸಿದ ಫಲ ಒಂದು ರಾಶಿಯವರೆಲ್ಲರಿಗೂ ಒಂದೇ ಆಗುತ್ತದೆ. ಅದನ್ನು ಒಬ್ಬರ ಜಾತಕಕ್ಕೆ ತಕ್ಕಂತೆ ತೂಗಲು ನನಗೆ ಇದಕ್ಕಿಂತ ನೇರವಾದ ದಾರಿ ಸಿಕ್ಕಿಲ್ಲ. ಗುರುವಿನ ಅಷ್ಟಕವರ್ಗದಲ್ಲಿ ಒಟ್ಟು 56 ಬಿಂದುಗಳು ಹನ್ನೆರಡು ರಾಶಿಗಳಿಗೆ ಹಂಚಿಹೋಗುತ್ತವೆ, ಆದ್ದರಿಂದ ಒಂದು ರಾಶಿಗೆ ನಾಲ್ಕೂವರೆಗಿಂತ ತುಸು ಹೆಚ್ಚು ಸರಾಸರಿ. ಐದು ಅಥವಾ ಅದಕ್ಕೂ ಮೇಲಿದ್ದರೆ ಧೈರ್ಯವಾಗಿ ಹೇಳುತ್ತೇನೆ. ಈ ಹುಡುಗಿಯ ಕಟಕಕ್ಕೆ ರವಿ, ಚಂದ್ರ, ಕುಜ, ಗುರು, ಶುಕ್ರ, ಶನಿ ಆರೂ ಬಿಂದು ಕೊಟ್ಟಿದ್ದರು. ಬುಧ ಮತ್ತು ಲಗ್ನ ಮಾತ್ರ ಕೊಟ್ಟಿರಲಿಲ್ಲ. ಮಿಥುನದಲ್ಲಿ ನಾಲ್ಕು ಬಿಂದುಗಳಿದ್ದವು. ಅಷ್ಟಮ ಗುರು ಎಂದು ತಂದೆ ಹೆದರಿದ್ದಷ್ಟು ಕೆಟ್ಟ ಲೆಕ್ಕವಲ್ಲ ಅದು. ಮೇಲಾಗಿ ಅದೇ ಮಿಥುನ ಅವಳ ಲಗ್ನದಿಂದ ಏಳನೆಯ ಮನೆ. ಅಲ್ಲಿ ಗುರು ಸಂಚರಿಸುವಾಗ ವರಾನ್ವೇಷಣೆಯನ್ನು ಏಕೆ ನಿಲ್ಲಿಸಬೇಕು? ಹುಡುಕುವುದನ್ನು ಈಗಲೇ ಆರಂಭಿಸಿ ಎಂದೆ. ಅದೇ ತಿಂಗಳು ಬಂದ ಇನ್ನೊಬ್ಬ ವೃಶ್ಚಿಕ ರಾಶಿಯವರಿಗೆ ಕಟಕದಲ್ಲಿ ಮೂರೇ ಬಿಂದುಗಳಿದ್ದವು. ಒಂಬತ್ತನೆಯ ಗುರು ಬಂದೊಡನೆ ಸಾಲ ಮಾಡಿ ವ್ಯಾಪಾರ ವಿಸ್ತರಿಸಬೇಕೆಂದಿದ್ದ ಅವರನ್ನು ನಾನು ತಡೆದೆ.

ಹುಡುಗಿಯ ಜಾತಕದಲ್ಲಿ ನಿರೀಕ್ಷೆಯನ್ನು ಇಳಿಸುವ ಸಂಗತಿಗಳೂ ಇದ್ದವು. ಜನ್ಮದಲ್ಲಿ ಗುರು ಮಕರದಲ್ಲಿ ನೀಚನಾಗಿ ವಕ್ರಿಸಿದ್ದ, ನಡೆಯುತ್ತಿದ್ದುದು ಕೇತು ದಶೆ. ದಶೆ ಕೊಡದಿದ್ದುದನ್ನು ಗೋಚಾರ ತಾನಾಗಿ ತಂದುಕೊಡುವುದಿಲ್ಲ ಎಂಬುದು ನನ್ನ ಗುರುಗಳಿಂದ ಕಲಿತ ಪಾಠ. ಆದ್ದರಿಂದ ದೊಡ್ಡ ಮನೆತನ, ವಿದೇಶದ ಸಂಬಂಧ ಎಂದೆಲ್ಲ ಬಣ್ಣಿಸದೆ, "ಸರಳವಾದ ಸಂಬಂಧ ಕೂಡಿಬಂದರೆ ಬಿಡಬೇಡಿ" ಎಂದಷ್ಟೇ ಹೇಳಿದೆ.

ಮುಹೂರ್ತಕ್ಕೆ 2026ರ ಕಟಕ ಸಂಚಾರವನ್ನು ತೆಗೆದುಕೊಂಡೆವು. ನಮ್ಮಲ್ಲಿ ವಧುವಿಗೆ ಗುರುಬಲ, ವರನಿಗೆ ರವಿಬಲ, ಇಬ್ಬರಿಗೂ ಚಂದ್ರಬಲ ನೋಡುವ ವಾಡಿಕೆ. ಕಾಗದದ ಮೇಲೆ ಜೂನ್ 2ರಿಂದ ಅಕ್ಟೋಬರ್ 31ರವರೆಗೆ 151 ದಿನಗಳಿದ್ದವು, ತಂದೆಗೆ ನೆಮ್ಮದಿಯಾಯಿತು. ಆದರೆ ಒಂದೊಂದಾಗಿ ಕಳೆಯುತ್ತ ಹೋದಾಗ ಅವರ ಮುಖ ಚಿಕ್ಕದಾಯಿತು. ಆ ವರ್ಷ ಅಧಿಕ ಜ್ಯೇಷ್ಠ ಮಾಸವಿದ್ದು ಅದು ಜೂನ್ ಮಧ್ಯದವರೆಗೆ ಇರುತ್ತದೆ. ಜುಲೈ ಮಧ್ಯದಿಂದ ಆಷಾಢ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಗುರು ರವಿಯ ಸಮೀಪಕ್ಕೆ ಬಂದು ಅಸ್ತನಾಗುತ್ತಾನೆ, ಆಗಸ್ಟ್ ಎರಡನೆಯ ವಾರದವರೆಗೆ ಮೌಢ್ಯ. ಆಗಸ್ಟ್ 17ರಿಂದ ಒಂದು ತಿಂಗಳು ರವಿ ಸಿಂಹದಲ್ಲಿ. ಅದು ವೃಶ್ಚಿಕದಿಂದ ಹತ್ತನೆಯ ಮನೆ, ಒಂಬತ್ತನೆಯ ಗುರುವಿಗೆ ವೇಧಸ್ಥಾನ. ವೇಧ ಇರುವಷ್ಟು ದಿನ ಗುರುವಿನ ಶುಭಫಲ ತಡೆಯಲ್ಪಡುತ್ತದೆ ಎಂದು ಶಾಸ್ತ್ರ ಹೇಳುತ್ತದೆ. ಸಿಂಹದಲ್ಲಿ ಕೇತುವೂ ಇದ್ದ. ಛಾಯಾಗ್ರಹಗಳಿಂದ ವೇಧವುಂಟೇ ಎಂಬ ವಿಷಯದಲ್ಲಿ ಒಮ್ಮತವಿಲ್ಲ, ನಾನು ಅದನ್ನು ಎಣಿಸುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಪಿತೃಪಕ್ಷ. ಇಷ್ಟೆಲ್ಲ ಕಳೆದ ಮೇಲೆ ನಿಶ್ಚಿಂತೆಯಿಂದ ಬಳಸಬಹುದಾದದ್ದು ನಿಜ ಜ್ಯೇಷ್ಠದ ನಾಲ್ಕು ವಾರಗಳು ಮಾತ್ರ. ವೇಧವನ್ನು ಬಿಟ್ಟು ಬರೀ ಗುರುಬಲವನ್ನಷ್ಟೇ ನೋಡುವವರ ಪಟ್ಟಿಯಲ್ಲಿ ಶ್ರಾವಣದ ದಿನಗಳೂ ಸಿಗುತ್ತವೆ. ಅಂಥ ದಿನ ಇಟ್ಟುಕೊಂಡವರಿಗೆ ನಾನು ಅಡ್ಡಿ ಹೇಳುವುದಿಲ್ಲ, ಗುರುಶಾಂತಿ ಮಾಡಿಸಿಕೊಳ್ಳಿ ಎನ್ನುತ್ತೇನೆ.

ತಂದೆಗೆ ಕೊಟ್ಟ ಹಾಳೆಯಲ್ಲಿ ಮೂರು ಸಾಲುಗಳಿದ್ದವು. 2025ರ ಮೇಯಿಂದ ವರಾನ್ವೇಷಣೆ. ಅಕ್ಟೋಬರ್ 18ರಿಂದ ಡಿಸೆಂಬರ್ 5ರೊಳಗೆ ಕೂಡಿಬಂದರೆ ನಿಶ್ಚಿತಾರ್ಥ. ವಿವಾಹಕ್ಕೆ 2026ರ ನಿಜ ಜ್ಯೇಷ್ಠ. ಅದು ತಪ್ಪಿದರೆ, ಸಿಂಹಕ್ಕೆ ಹೋದ ಗುರು 2027ರ ಜನವರಿ ಕೊನೆಯ ವಾರದಲ್ಲಿ ವಕ್ರನಾಗಿ ಕಟಕಕ್ಕೆ ಹಿಂತಿರುಗಿ ಜೂನ್ ಕೊನೆಯವರೆಗೆ ಇರುವ ಅವಧಿ. ಆ ಕೊನೆಯ ಸಾಲನ್ನು ಓದಿದ ಮೇಲೆ ಅವರು ಆಯ-ವ್ಯಯದ ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು, ಛತ್ರಕ್ಕೆ ಈಗಲೇ ಮುಂಗಡ ಕೊಡುವುದಿಲ್ಲ ಎಂದರು.