ಸೆಕೆಂಡ್ ಹ್ಯಾಂಡ್ ಮ್ಯಾಚ್ ಟಿಕೆಟ್: ನಾನು ಕೊಳ್ಳೋ ರೀತಿ

ಐಪಿಎಲ್ ಬಂತು ಅಂದರೆ ನಮ್ಮ ಸರಸ್ವತಿಪುರಂ ಗುಂಪಿಗೆ ಟಿಕೆಟ್ ಹುಡುಕುವ ಕೆಲಸ ನನ್ನ ತಲೆಗೇ ಬೀಳುತ್ತದೆ. ಚಿನ್ನಸ್ವಾಮಿ ಸ್ಟೇಡಿಯಂ ಮ್ಯಾಚ್ ಅಂದರೆ ಕೇಳಬೇಕಾ, ಮಾರಾಟ ಶುರುವಾದ ಕ್ಷಣದಿಂದ ಆನ್‌ಲೈನ್ ಕ್ಯೂನಲ್ಲಿ ಕೂತರೂ ಎಷ್ಟೋ ಸಲ 'ಸೋಲ್ಡ್ ಔಟ್' ನೋಡಿಯೇ ಏಳಬೇಕು. ಆಮೇಲೆ ಉಳಿಯುವುದು ಇನ್ನೊಬ್ಬರ ಕೈಯಿಂದ ಕೊಳ್ಳುವ ದಾರಿ. ಇದರಲ್ಲಿ ಪೂರ್ತಿ ಸೇಫ್ ಅನ್ನೋದು ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಟಿಕೆಟ್‌ಗಳ ಷರತ್ತಿನಲ್ಲೇ ಮರುಮಾರಾಟ ಮಾಡಬಾರದು ಅಂತ ಬರೆದಿರುತ್ತದೆ. ಅಪಾಯ ಕಮ್ಮಿ ಮಾಡಿಕೊಳ್ಳಬಹುದು, ಅಷ್ಟೇ.

ಹೆಚ್ಚಿನವರು ಟಿಕೆಟ್ ಅಸಲಿಯೋ ನಕಲಿಯೋ ಅಂತ ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಲೋಗೋ, ಸೀಟ್ ನಂಬರ್, ಕ್ಯೂಆರ್ ಕೋಡ್ ಎಲ್ಲಾ ಸರಿಯಾಗಿದ್ದರೆ ದುಡ್ಡು ಕಳಿಸಿಬಿಡುತ್ತಾರೆ. ಆದರೆ ಮೋಸ ಮಾಡುವವನಿಗೆ ನಕಲಿ ಟಿಕೆಟ್ ಬೇಕೇ ಇಲ್ಲ. ಒಂದು ಅಸಲಿ ಟಿಕೆಟ್ಟಿನ ಸ್ಕ್ರೀನ್‌ಶಾಟ್ ಸಾಕು, ಅದನ್ನೇ ಹತ್ತು ಜನಕ್ಕೆ ಮಾರುತ್ತಾನೆ. ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವನು ಒಳಗೆ ಹೋಗುತ್ತಾನೆ. ಉಳಿದ ಒಂಬತ್ತು ಜನಕ್ಕೆ ಮಷೀನು 'ಈಗಾಗಲೇ ಬಳಸಲಾಗಿದೆ' ಅಂತ ತೋರಿಸುತ್ತದೆ. ಅಲ್ಲಿ ಸೆಕ್ಯೂರಿಟಿಯವರ ಹತ್ತಿರ ಎಷ್ಟು ವಾದ ಮಾಡಿದರೂ ಅವರೇನು ಮಾಡುತ್ತಾರೆ, ಆ ಟಿಕೆಟ್ ಮೇಲೆ ಒಬ್ಬ ಆಗಲೇ ಒಳಗೆ ಕೂತಿರುತ್ತಾನೆ. ಹಾಗಾಗಿ ನಾನು ಟಿಕೆಟ್ ಪರೀಕ್ಷೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಯಾರ ಫೋನಿನಲ್ಲಿದೆ, ಆ ಫೋನ್ ಮ್ಯಾಚ್ ದಿನ ಎಲ್ಲಿರುತ್ತದೆ, ಇದನ್ನೇ ಕೇಳುತ್ತೇನೆ.

ಈ ಸಲ ಸಿಕ್ಕ ಇಬ್ಬರ ಕಥೆ ಹೇಳಿದರೆ ಅರ್ಥವಾಗುತ್ತದೆ.

ಮೊದಲನೆಯವನು ಟೆಲಿಗ್ರಾಂ ಗ್ರೂಪಿನಲ್ಲಿ ಸಿಕ್ಕ. ನಾಲ್ಕು ಟಿಕೆಟ್ ಇದೆ, ಮನೆಯಲ್ಲಿ ಎಮರ್ಜೆನ್ಸಿ, ಅಸಲು ಬೆಲೆಗೇ ಕೊಡುತ್ತೇನೆ ಅಂದ. ಸೀಸನ್ ಮಧ್ಯದಲ್ಲಿ, ಅದೂ ಭಾನುವಾರದ ಮ್ಯಾಚಿಗೆ, ಗುರುತು ಪರಿಚಯ ಇಲ್ಲದವನು ಅಸಲು ಬೆಲೆಗೆ ಕೊಡುತ್ತಾನೆ ಅಂದಾಗಲೇ ನನಗೆ ಒಂಥರಾ ಅನ್ನಿಸಿತು. ಕೇಳುವ ಮೊದಲೇ ಪಿಡಿಎಫ್ ಕಳಿಸಿದ, ಜೊತೆಗೆ ನಂಬಿಕೆಗೆ ಇರಲಿ ಅಂತ ಆಧಾರ್ ಕಾರ್ಡಿನ ಫೋಟೋ ಬೇರೆ. ಈ ಆಧಾರ್ ಫೋಟೋಗೆ ಮರುಳಾಗಬೇಡಿ. ಎಷ್ಟೋ ಸಲ ಅದು ಹಿಂದೆ ಮೋಸ ಹೋದ ಇನ್ಯಾರದೋ ಕಾರ್ಡ್ ಆಗಿರುತ್ತದೆ.

ಪಿಡಿಎಫ್‌ನಲ್ಲಿದ್ದ ನಾಲ್ಕೂ ಕ್ಯೂಆರ್ ಕೋಡನ್ನು ಹೆಂಡತಿಯ ಫೋನಿಂದ ಸ್ಕ್ಯಾನ್ ಮಾಡಿ ನೋಡಿದೆ. ಸ್ಕ್ಯಾನ್ ಮಾಡಿದಾಗ ಉದ್ದದ ಅಕ್ಷರ-ಅಂಕಿಗಳ ಸಾಲು ಬರುತ್ತದೆ, ನಮಗೆ ಅರ್ಥವಾಗಬೇಕಿಲ್ಲ, ಹೋಲಿಸಿದರೆ ಸಾಕು. ಸೀಟ್ ನಂಬರ್ ನಾಲ್ಕು ಬೇರೆ ಬೇರೆ, ಒಳಗಿನ ಸಾಲು ಮಾತ್ರ ನಾಲ್ಕರಲ್ಲೂ ಒಂದೇ! ಅಂದರೆ ಒಂದೇ ಟಿಕೆಟ್ ಇಟ್ಟುಕೊಂಡು ಸೀಟ್ ನಂಬರ್ ಮಾತ್ರ ತಿದ್ದಿದ್ದಾನೆ. ಕೆಲವು ಕಡೆ ಇಡೀ ಬುಕಿಂಗಿಗೆ ಒಂದೇ ಕೋಡ್ ಕೊಡುತ್ತಾರೆ, ಅದು ಬೇರೆ ವಿಷಯ. ಸೀಟಿಗೊಂದು ಟಿಕೆಟ್ ಅಂತ ತೋರಿಸಿ ಕೋಡ್ ಒಂದೇ ಇದ್ದರೆ ಅಲ್ಲಿಗೆ ಮುಗಿಯಿತು.

ಆದರೂ ಕುತೂಹಲಕ್ಕೆ ಮುಂದುವರಿಸಿದೆ. "ವಿಡಿಯೋ ಕಾಲ್ ಮಾಡಿ, ಆ್ಯಪ್ ತೆರೆದು ಬುಕಿಂಗ್ ತೋರಿಸಿ" ಅಂದೆ. "ನೆಟ್‌ವರ್ಕ್ ಇಲ್ಲ ಸರ್, ಇನ್ನೂ ಮೂರು ಜನ ಕೇಳ್ತಿದ್ದಾರೆ, ಅರ್ಧ ಅಡ್ವಾನ್ಸ್ ಹಾಕಿ" ಅಂದ. ಅವನು ಕಳಿಸಿದ ಪೇಮೆಂಟ್ ಕೋಡ್ ಸ್ಕ್ಯಾನ್ ಮಾಡಿದರೆ ಯಾವುದೋ ಅಂಗಡಿಯ ಹೆಸರು ಬಂತು. ಕೇಳಿದ್ದಕ್ಕೆ "ನಮ್ಮ ತಮ್ಮಂದು ಸರ್". ಅಲ್ಲಿಗೆ ನಮಸ್ಕಾರ ಹೇಳಿದೆ. ಒಂದು ವೇಳೆ ಅವನು ವಿಡಿಯೋ ಕಾಲಿನಲ್ಲಿ ಎಲ್ಲಾ ಸರಿಯಾಗಿ ತೋರಿಸಿದ್ದರೂ ನಾನು ಅಡ್ವಾನ್ಸ್ ಹಾಕುತ್ತಿರಲಿಲ್ಲ. ಅಸಲಿ ಟಿಕೆಟ್ ಇರುವವನೂ ಅದೇ ವಿಡಿಯೋವನ್ನು ಹತ್ತು ಜನಕ್ಕೆ ತೋರಿಸಬಹುದು, ಅಲ್ವಾ?

ಎರಡನೆಯವರು ಮಂಡ್ಯದವರು. ನಮ್ಮ ಆಫೀಸಿನವರೊಬ್ಬರ ಪರಿಚಯ. ನಾಲ್ಕು ಟಿಕೆಟ್ ಬುಕ್ ಮಾಡಿದ್ದರು, ಜೊತೆಯವರಿಬ್ಬರು ಕೈಕೊಟ್ಟಿದ್ದರು. ನಾನು ಹುಡುಕುವುದೇ ಇಂಥವರನ್ನು. ಟಿಕೆಟ್ ಮಾರುವವರೇ ಅದೇ ಬುಕಿಂಗಿನಲ್ಲಿ ನಮ್ಮ ಜೊತೆ ಮ್ಯಾಚ್ ನೋಡಲು ಬರುತ್ತಿದ್ದಾರೆ ಅಂದರೆ ಅವರಿಗೂ ಒಳಗೆ ಹೋಗಬೇಕಾಗಿದೆ. ಮ್ಯಾಚ್ ದಿನ ಗೇಟ್ ಹತ್ತಿರ ನಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಬುಕ್ ಮಾಡಿದವರ ಗುರುತಿನ ಚೀಟಿ ಕೇಳಿದರೂ ತೋರಿಸಲು ಮನುಷ್ಯ ಅಲ್ಲೇ ಇರುತ್ತಾರೆ. ಮೋಸಗಾರನಿಗೆ ಇದು ಒಗ್ಗುವುದಿಲ್ಲ, ಅವನಿಗೆ ನಮ್ಮ ಮುಖ ನೋಡುವುದೇ ಬೇಡ.

ಅವರಿಗೂ ಭಯ ಇತ್ತು. ನಾವು ಬರ್ತೀವಿ ಅಂತ ಹೇಳಿ ಕೊನೇ ಗಳಿಗೆಯಲ್ಲಿ ಬರದಿದ್ದರೆ ಎರಡು ಟಿಕೆಟ್ ದುಡ್ಡು ಹೋಯಿತಲ್ಲ. ನ್ಯಾಯವಾದ ಮಾತೇ. ಅದಕ್ಕೆ ಹೀಗೆ ಒಪ್ಪಿಕೊಂಡೆವು: ನಾನು, ನನ್ನ ಗೆಳೆಯ ಮೈಸೂರಿನಲ್ಲಿ ರೈಲು ಹತ್ತುವುದು, ಅವರು ಮಂಡ್ಯದಲ್ಲಿ ಅದೇ ಬೋಗಿಗೆ ಹತ್ತುವುದು. ಮುಖ ನೋಡಿದ ಮೇಲೆ ಐನೂರು ರೂಪಾಯಿ, ಉಳಿದದ್ದು ಗೇಟಿನಲ್ಲಿ ನಮ್ಮ ಟಿಕೆಟ್ ಸ್ಕ್ಯಾನ್ ಆಗಿ ಒಳಗೆ ಕಾಲಿಟ್ಟ ಮೇಲೆ. ಮದ್ದೂರು ದಾಟುವಷ್ಟರಲ್ಲಿ ಅವರೇ ಫೋನ್ ತೆಗೆದು ಬುಕಿಂಗ್ ತೋರಿಸಿದರು, ಬ್ಯಾಂಕಿನಿಂದ ದುಡ್ಡು ಕಟ್ಟಾದ ಮೆಸೇಜಿನ ಮೊತ್ತ ಟಿಕೆಟ್ ಬೆಲೆಗೆ ಹೊಂದುತ್ತಿತ್ತು. ಸಿಟಿ ಸ್ಟೇಷನ್ನಿನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿದು ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ಬಂದು, ನಾಲ್ವರೂ ಒಟ್ಟಿಗೆ ಗೇಟಿಗೆ ಹೋದೆವು. ಒಂದೇ ಬುಕಿಂಗ್ ಆದರೆ ಒಟ್ಟಿಗೇ ಹೋಗಬೇಕು, "ನೀವು ಹೋಗಿರಿ, ನಾವು ಟೀ ಕುಡ್ಕೊಂಡು ಬರ್ತೀವಿ" ಅನ್ನೋದೆಲ್ಲ ಬೇಡ.

ಉಳಿದ ದುಡ್ಡನ್ನು ನಾನು ಕ್ಯಾಶ್ ಒಯ್ದಿದ್ದೆ. ಸಾವಿರಾರು ಜನ ಒಂದೇ ಜಾಗದಲ್ಲಿ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಯುಪಿಐ ಸುತ್ತುತ್ತಾ ಕೂರುತ್ತದೆ. ಮಾರುವವರ ಟಿಕೆಟ್ ಕೂಡ ಅದೇ ಕಾರಣಕ್ಕೆ ಆ್ಯಪಿನಲ್ಲಿ ತೆರೆದುಕೊಳ್ಳದೆ ಹೋಗಬಹುದು, ಅದಕ್ಕೇ ಮೆಟ್ರೋದಲ್ಲಿದ್ದಾಗಲೇ ತೆರೆದು ಇಟ್ಟುಕೊಳ್ಳಿ ಅಂದಿದ್ದೆ.

ಮಾರುವವರು ತಾವು ಬರದೆ ಎಲ್ಲಾ ಟಿಕೆಟ್ ಮಾರುತ್ತಿದ್ದರೆ ಈ ದಾರಿ ನಡೆಯಲ್ಲ. ಆಗ ಟಿಕೆಟ್ ಮಾರಿದ ಆ್ಯಪಿನಲ್ಲೇ ಟ್ರಾನ್ಸ್‌ಫರ್ ಸೌಲಭ್ಯ ಇದೆಯಾ ನೋಡುತ್ತೇನೆ. ಎಲ್ಲಾ ಮ್ಯಾಚಿಗೆ, ಎಲ್ಲಾ ಸಂಗೀತ ಕಾರ್ಯಕ್ರಮಕ್ಕೆ ಇರುವುದಿಲ್ಲ. ಇದ್ದರೆ ಟಿಕೆಟ್ ನನ್ನ ನಂಬರಿನ ಖಾತೆಗೆ ಬರಬೇಕು, ಅದನ್ನು ನಾನೇ ನನ್ನ ಆ್ಯಪ್ ತೆರೆದು ನೋಡಬೇಕು. ಅವರು ಕಳಿಸಿದ ಲಿಂಕ್ ಒತ್ತಿ ನೋಡುವುದಲ್ಲ, ಆ ಲಿಂಕಿನಲ್ಲೇ ಅಸಲಿಯಂತೆ ಕಾಣುವ ಪೇಜ್ ಇರುತ್ತದೆ. ಟ್ರಾನ್ಸ್‌ಫರ್ ಇಲ್ಲ, ಜೊತೆಗೂ ಬರಲ್ಲ ಅಂದರೆ ನಾನು ಮನೆಯಲ್ಲೇ ಟಿವಿ ಮುಂದೆ ಕೂರುತ್ತೇನೆ. ಕೆಲವು ಸಲ ಮ್ಯಾಚಿಗೆ ಒಂದೆರಡು ದಿನ ಮುಂಚೆ ಅಧಿಕೃತ ಸೈಟಿನಲ್ಲೇ ಒಂದಷ್ಟು ಸೀಟು ಮತ್ತೆ ತೆರೆಯುತ್ತಾರೆ, ಅದನ್ನು ಮಾತ್ರ ಆಗಾಗ ನೋಡುತ್ತಿರುತ್ತೇನೆ.

ದುಡ್ಡು ಆಗಲೇ ಹೋಗಿದ್ದರೆ? ನಮ್ಮ ಆಫೀಸಿನ ಹುಡುಗನೊಬ್ಬನ ತಮ್ಮ ಹೀಗೇ ಆರು ಸಾವಿರ ಕಳಿಸಿಬಿಟ್ಟಿದ್ದ. ಬೈಯುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆವು. ಅವರು ಕೇಳುವುದು ಯುಪಿಐ ಆ್ಯಪಿನಲ್ಲಿ ಆ ಪೇಮೆಂಟ್ ಒತ್ತಿದರೆ ಸಿಗುವ 12 ಅಂಕಿಯ ಯುಟಿಆರ್ ನಂಬರ್, ಎಷ್ಟು ಹೊತ್ತಿಗೆ ಹೋಯಿತು, ಯಾವ ಬ್ಯಾಂಕು. ದೂರನ್ನು cybercrime.gov.in ನಲ್ಲೂ ಹಾಕಬಹುದು. ದುಡ್ಡು ಆ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯಬೇಕು, ಅದಕ್ಕೇ ಅವಸರ. ಇವನದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು, ಉಳಿದದ್ದು ಆಗಲೇ ಬೇರೆ ಕಡೆ ಹೋಗಿತ್ತು. ಒಂದು ಕೆಲಸ ಅವನು ಸರಿಯಾಗಿ ಮಾಡಿದ್ದ: ಸಿಟ್ಟಿನಲ್ಲಿ ಚಾಟ್ ಅಳಿಸಿರಲಿಲ್ಲ. ನಂಬರು, ಕಳಿಸಿದ ಪಿಡಿಎಫ್, ಪೇಮೆಂಟ್ ಕೋಡ್ ಎಲ್ಲಾ ಹಾಗೇ ಇತ್ತು, ದೂರಿನ ಜೊತೆ ಅದನ್ನೇ ಹಾಕಿದೆವು.